ಕುರಿಗಾಹಿಯ ಸೊಂಟ ನೋವು ಜರ್ನಲ್‌ಗೆ ಹೋಗುವ ದಾರಿ: ಕೇಸ್ ರಿಪೋರ್ಟ್ ಅಂದರೇನು, ಹೇಗೆ ಬರೆಯುತ್ತಾರೆ?

ಕೊಪ್ಪಳದ ಕಡೆಯ ಒಬ್ಬ ಹುಡುಗ ಹೋದ ತಿಂಗಳು ಒಂದು ಕಾಗದ ಹಿಡಿದು ನನ್ನ ಹತ್ತಿರ ಬಂದಿದ್ದ. ಅವರಪ್ಪ ಆಸ್ಪತ್ರೆಯಲ್ಲಿದ್ದು ಗುಣವಾಗಿ ಮನೆಗೆ ಬಂದಿದ್ದರು. ಮರುತಪಾಸಣೆಗೆ ಹೋದಾಗ ಅಲ್ಲಿನ ಕಿರಿಯ ವೈದ್ಯೆ ಇಂಗ್ಲಿಷಿನ ಒಂದು ಫಾರ್ಮ್ ಕೊಟ್ಟು ಸಹಿ ಕೇಳಿದ್ದರಂತೆ. 'ಸರ, ನಮ್ಮಪ್ಪನ ಬ್ಯಾನಿ ಬಗ್ಗೆ ಪುಸ್ತಕದಾಗ ಬರೀತಾರಂತ್ರೀ. ಸಹಿ ಮಾಡಬೇಕೋ ಬ್ಯಾಡೋ?' ಎಂದು ಕೇಳಿದ. ಅವನು ಹೆದರಿದ್ದು ಸಹಜ. ಆಸ್ಪತ್ರೆಯಲ್ಲಿ ಸಹಿ ಕೇಳಿದರೆ ನಮ್ಮ ಜನಕ್ಕೆ ಆಪರೇಷನ್ನೇ ನೆನಪಾಗುತ್ತದೆ.

ಈಗ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಓದುವ ವೈದ್ಯರು ಇದ್ದಲ್ಲಿ ಬರೆಯುವ ವೈದ್ಯರೂ ಇರುತ್ತಾರೆ. ಹಾಗಾಗಿ ಇಂಥ ಕಾಗದ ಇನ್ನೂ ಹಲವರ ಕೈಗೆ ಬರಲಿದೆ. ಸಹಿ ಹಾಕುವವರಿಗೂ ಮೊದಲ ಸಲ ಬರೆಯಲು ಕೂತವರಿಗೂ ಗೊತ್ತಿರಬೇಕಾದ್ದನ್ನು ಒಂದೇ ಕೇಸು ಹಿಡಿದು ಹೇಳುತ್ತೇನೆ.

## ಮೊದಲು ಹೆಸರಿನ ಗೊಂದಲ

ಕೇಸ್ ರಿಪೋರ್ಟ್ ಅಂದರೆ ಒಬ್ಬ ರೋಗಿಯ ಕಾಯಿಲೆಯ ಕತೆಯನ್ನು ಬೇರೆ ವೈದ್ಯರು ಓದಿ ಉಪಯೋಗಿಸಿಕೊಳ್ಳುವ ಹಾಗೆ ಬರೆದ ಸಣ್ಣ ಲೇಖನ. ಬೇರೆ ಬೇರೆ ಕಡೆಯ ವೈದ್ಯರು ಓದುವ ವೃತ್ತಿ ಪತ್ರಿಕೆಗೆ ಜರ್ನಲ್ ಎನ್ನುತ್ತಾರೆ. ಆಸ್ಪತ್ರೆಯ ಕೇಸ್ ಶೀಟೇ ಬೇರೆ, ಇದೇ ಬೇರೆ. ಕೇಸ್ ಶೀಟಿನಲ್ಲಿ ಬಿಪಿ, ಡ್ರಿಪ್, ಊಟ ಎಲ್ಲವೂ ದಿನದ ಲೆಕ್ಕದಲ್ಲಿರುತ್ತವೆ. ಕೇಸ್ ರಿಪೋರ್ಟಿನಲ್ಲಿ ಆ ಕಾಯಿಲೆಯನ್ನು ಅರ್ಥಮಾಡಿಕೊಳ್ಳಲು ಬೇಕಾದಷ್ಟೇ ಇರಬೇಕು.

ಇದನ್ನು ಬರೆಯಲು ವೈದ್ಯರು ಜಾಸ್ತಿ ಬಳಸುವ ಪಟ್ಟಿಗೆ ಕೇರ್ ಮಾರ್ಗಸೂಚಿ ಎಂದು ಹೆಸರು. 2013ರಲ್ಲಿ ಬಂದದ್ದು. ಅದರಲ್ಲಿ 13 ಬಾಬತ್ತುಗಳಿವೆ: ಶೀರ್ಷಿಕೆಯಿಂದ ಶುರುವಾಗಿ ರೋಗಿಯ ವಿವರ, ಪರೀಕ್ಷೆ, ಕಾಲರೇಖೆ, ರೋಗ ಪತ್ತೆ, ಚಿಕಿತ್ಸೆ, ಚರ್ಚೆ ಎಂದು ಸಾಗಿ ರೋಗಿಯ ಸ್ವಂತ ಮಾತು ಮತ್ತು ಒಪ್ಪಿಗೆಯವರೆಗೆ. ಹದಿಮೂರನ್ನೂ ಇಲ್ಲಿ ಹೇಳಲು ಹೋಗುವುದಿಲ್ಲ. ಎಡವುವುದು ಮೂರೇ ಕಡೆ: ಒಪ್ಪಿಗೆ, ಕಾಲರೇಖೆ, ಚರ್ಚೆ.

## ನಾವು ಹಿಡಿಯುವ ಕೇಸು

ಆ ಹುಡುಗನ ಅಪ್ಪನ ಕತೆ ಇಲ್ಲಿಲ್ಲ. ಕೆಳಗಿನ ಕೇಸು ವಿವರಿಸಲಿಕ್ಕೆಂದು ನಾನೇ ಕಟ್ಟಿದ್ದು. ಜರ್ನಲ್‌ಗೆ ಬರೆಯುವಾಗ ಹೀಗೆ ಕಟ್ಟುವಂತಿಲ್ಲ, ಅದು ಬೇರೆ ಮಾತು.

ನಲವತ್ತು ದಾಟಿದ ಒಬ್ಬ ಕುರಿಗಾಹಿ. ಸೊಂಟ ನೋವು, ಸಂಜೆಯಾದರೆ ಜ್ವರ, ರಾತ್ರಿ ಅಂಗಿ ಒದ್ದೆಯಾಗುವಷ್ಟು ಬೆವರು, ತೂಕ ಇಳಿಕೆ. ಎಂಆರ್‌ಐ ತೆಗೆಸಿದರೆ ಸೊಂಟದ ನಾಲ್ಕು ಮತ್ತು ಐದನೇ ಮೂಳೆ ಹಾಗೂ ಅವುಗಳ ನಡುವಿನ ಡಿಸ್ಕಿನಲ್ಲಿ ಸೋಂಕಿನ ಗುರುತು. ನಮ್ಮ ಕಡೆ ಇಷ್ಟು ಕಂಡರೆ ಯಾವ ವೈದ್ಯರಿಗಾದರೂ ಮೊದಲು ಬೆನ್ನುಮೂಳೆಯ ಟಿಬಿ ನೆನಪಾಗುತ್ತದೆ. ಇವರಿಗೂ ಟಿಬಿ ಔಷಧಿ ಶುರು ಮಾಡಿದರು. ಮೂರು ವಾರಕ್ಕೆ ಜ್ವರ ಇಳಿಯಿತು. ಎಲ್ಲರೂ ನಿಟ್ಟುಸಿರು ಬಿಟ್ಟರು.

ಆದರೆ ಒಂಬತ್ತು ವಾರ ಕಳೆಯುವಷ್ಟರಲ್ಲಿ ನೋವು ಜಾಸ್ತಿಯಾಯಿತು. ಕೋಲಿಲ್ಲದೆ ನಡೆಯಲು ಆಗದ ಸ್ಥಿತಿ. ಆಗ ಬಯಾಪ್ಸಿ, ಅಂದರೆ ಮೂಳೆಯ ಚೂರು ತೆಗೆದು ಪರೀಕ್ಷೆ ಮಾಡಿದರು, ಟಿಬಿ ಕ್ರಿಮಿ ಸಿಗಲಿಲ್ಲ. ವಾರ್ಡಿನಲ್ಲಿದ್ದ ಒಬ್ಬರು ಸುಮ್ನೆ ಮಾತಿಗೆಂದು ಕೇಳಿದರು: 'ಕುರಿ ಹೆಂಗದಾವು?' ಅವರು ಹೇಳಿದರು: 'ಎಳ್ಳಮಾಸಿ ಹೊತ್ತಿಗೆ ಏಳೆಂಟು ಕುರಿ ಕಂದ ಹಾಕಿದ್ವರೀ. ಮಾಸು ನಾನs ಕೈಲೆ ತಗದು ಒಗದಿದ್ದೆ.'

ಅಲ್ಲಿಗೆ ಕೇಸಿನ ದಿಕ್ಕೇ ಬದಲಾಯಿತು. ಕುರಿ, ಮೇಕೆ ದಿನ ತುಂಬುವ ಮೊದಲೇ ಹೀಗೆ ಕಂದು ಹಾಕಲು ಒಂದು ಕಾರಣ ಬ್ರೂಸೆಲ್ಲಾ ಎಂಬ ಬ್ಯಾಕ್ಟೀರಿಯಾ. ಕಂದು ಹಾಕಿದ ಪ್ರಾಣಿಯ ಮಾಸು, ನೀರು ಮುಟ್ಟುವವರಿಗೆ, ಕಾಯಿಸದ ಹಾಲು ಕುಡಿಯುವವರಿಗೆ ಅದು ಅಂಟುತ್ತದೆ. ಮನುಷ್ಯರಲ್ಲಿ ಬಿಟ್ಟು ಬಿಟ್ಟು ಜ್ವರ, ಬೆವರು, ಕೀಲು ನೋವು ಬರುತ್ತದೆ. ಬೆನ್ನುಮೂಳೆಗೂ ಇಳಿಯುತ್ತದೆ. ರಕ್ತ ಪರೀಕ್ಷೆಯಲ್ಲಿ ಬ್ರೂಸೆಲ್ಲಾ ವಿರುದ್ಧ ಮೈ ತಯಾರಿಸುವ ಪ್ರತಿಕಾಯ 1:640 ಬಂತು, ಅಂದರೆ ರಕ್ತದ ದ್ರವವನ್ನು 640 ಪಟ್ಟು ತೆಳುಮಾಡಿದರೂ ಅದು ಕಾಣುತ್ತಿತ್ತು. ಸಾಮಾನ್ಯವಾಗಿ 1:160 ದಾಟಿದರೆ ಅನುಮಾನ ಗಟ್ಟಿ ಎನ್ನುತ್ತಾರೆ. ರಕ್ತವನ್ನು ಕ್ರಿಮಿ ಬೆಳೆಸಿ ನೋಡುವ ಕಲ್ಚರ್‌ಗೂ ಕಳಿಸಿದ್ದರು, ಅದರಲ್ಲಿ ಮಾತ್ರ ಏನೂ ಬೆಳೆಯಲಿಲ್ಲ. ಇದನ್ನು ನೆನಪಿನಲ್ಲಿಟ್ಟುಕೊಳ್ಳಿ, ಚರ್ಚೆಯಲ್ಲಿ ಬೇಕಾಗುತ್ತದೆ.

ಚಿಕಿತ್ಸೆ ಬದಲಾಯಿತು. ಡಾಕ್ಸಿಸೈಕ್ಲಿನ್ ಮತ್ತು ರಿಫಾಂಪಿಸಿನ್ 12 ವಾರ, ಜೊತೆಗೆ ಮೊದಲ ಎರಡು ವಾರ ಜೆಂಟಾಮೈಸಿನ್ ಇಂಜೆಕ್ಷನ್. ನೋವು ಹೋಯಿತು, ಕೋಲು ಮೂಲೆ ಸೇರಿತು.

## ಒಪ್ಪಿಗೆ: ಯಾವುದಕ್ಕೆ, ಯಾರದು, ಎಲ್ಲಿಯವರೆಗೆ?

ಈ ಸಹಿಗೂ ಚಿಕಿತ್ಸೆಗೂ ಸಂಬಂಧವಿಲ್ಲ. ಆಪರೇಷನ್‌ಗೆ ಕೊಟ್ಟ ಒಪ್ಪಿಗೆಯಲ್ಲಿ ಇದು ಸೇರಿರುವುದಿಲ್ಲ. ಪ್ರಕಟಣೆಗೆ ಬೇರೆಯದೇ ಕಾಗದ, ಬೇರೆಯದೇ ಮಾತುಕತೆ ಬೇಕು. ಬೇಡ ಎಂದರೆ ಚಿಕಿತ್ಸೆಯಲ್ಲಿ ಕೂದಲಷ್ಟೂ ವ್ಯತ್ಯಾಸ ಆಗುವಂತಿಲ್ಲ. ಅದನ್ನು ಬಾಯಿಬಿಟ್ಟೇ ಹೇಳಬೇಕು. ನೋವಿನಲ್ಲಿ ನರಳುವವರ ಮುಂದೆ ಕಾಗದ ಹಿಡಿದರೆ ಅದು ಒಪ್ಪಿಗೆಯಾಗುವುದಿಲ್ಲ. ಹುಷಾರಾದ ಮೇಲೆ, ಮರುತಪಾಸಣೆಗೆ ಬಂದಾಗ ಕೇಳುವುದು ಒಳ್ಳೆಯದು.

ಸಹಿ ಮಾಡಬೇಕಾದವರು ರೋಗಿಯೇ. ಓದು ಬಲ್ಲ ಮಗ ಪಕ್ಕದಲ್ಲಿದ್ದಾನೆ ಎಂದು ಅವನ ಸಹಿ ತೆಗೆದುಕೊಂಡರೆ ಆಗದು. ಅಪ್ಪನಿಗೆ ಓದಲು ಬಾರದಿದ್ದರೆ ಕನ್ನಡದಲ್ಲಿ ಪೂರ್ತಿ ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿ, ಆ ತಂಡಕ್ಕೆ ಸೇರದ ಒಬ್ಬರ ಸಾಕ್ಷಿ ಸಹಿ ಹಾಕಿಸಬೇಕು. ರೋಗಿ ತೀರಿಕೊಂಡಿದ್ದರೆ ಹತ್ತಿರದ ಸಂಬಂಧಿಕರನ್ನು, ಮಕ್ಕಳಾದರೆ ತಂದೆತಾಯಿಯನ್ನು ಕೇಳುತ್ತಾರೆ. ತಿಳಿವಳಿಕೆ ಬಂದ ಮಗುವನ್ನೂ ಕೇಳುತ್ತಾರೆ.

ಓದಿ ಹೇಳುವಾಗ ಒಂದು ಸಾಲು ತಪ್ಪಿಸಬಾರದು. ಲೇಖನ ಅಚ್ಚಾಗುವ ತನಕ ಒಪ್ಪಿಗೆ ವಾಪಸ್ ತೆಗೆದುಕೊಳ್ಳಬಹುದು, ಅಚ್ಚಾದ ಮೇಲೆ ಅದನ್ನು ಎಲ್ಲೆಡೆಯಿಂದ ಅಳಿಸಲು ಆಗುವುದಿಲ್ಲ. ಹೆಸರು ಹಾಕುವುದಿಲ್ಲ, ಆದರೂ ಊರಿನವರು ಯಾರಾದರೂ ಗುರುತು ಹಿಡಿಯುವ ಸಾಧ್ಯತೆ ಸ್ವಲ್ಪ ಇದ್ದೇ ಇರುತ್ತದೆ. ಇದನ್ನೂ ಹೇಳಬೇಕು. 'ಯಾರಿಗೂ ಗೊತ್ತಾಗಲ್ಲ ಬಿಡಜ್ಜ' ಎಂದು ಸಾಗಿಹಾಕುವುದನ್ನು ನಾನು ನೋಡಿದ್ದೇನೆ. ಅದು ಸುಳ್ಳು ಭರವಸೆ.

ಗುರುತು ಸಿಗುವುದು ಹೇಗೆ? ನಮ್ಮ ಕೇಸನ್ನೇ ತೆಗೆದುಕೊಳ್ಳಿ. '47 ವರ್ಷದ ಕುರಿಗಾಹಿ, ಇಂಥ ತಾಲ್ಲೂಕಿನ ಇಂಥ ಹಳ್ಳಿ, ಜನವರಿಯಲ್ಲಿ ಕುರಿ ಕಂದು ಹಾಕಿದ್ದವು' ಎಂದು ಬರೆದರೆ ಹೆಸರು ಯಾಕೆ ಬೇಕು? ಆ ಊರಲ್ಲಿ ಅಂಥವರು ಒಬ್ಬರೇ ಇರುತ್ತಾರೆ, ಅಲ್ವಾ? ಅದರ ಮೇಲೆ 'ಆ ಹಟ್ಟಿಯ ಕುರಿಗೆ ರೋಗವಂತೆ' ಎಂದು ಹಬ್ಬಿದರೆ ಸಂತೆಯಲ್ಲಿ ಅವರ ಮರಿ ಕೊಳ್ಳುವವರೂ ಹಿಂದೆ ಸರಿಯಬಹುದು. ಹಾಗಾಗಿ ಊರು ಬಿಡಬೇಕು, 'ನಲವತ್ತು ದಾಟಿದ' ಎಂದರೆ ಸಾಕು, ಉತ್ತರ ಕರ್ನಾಟಕ ಎಂದರೆ ಸಾಕು. ಕುರಿ ಸಾಕಣೆಯನ್ನು ಮಾತ್ರ ಬಿಡುವ ಹಾಗಿಲ್ಲ, ಏಕೆಂದರೆ ರೋಗದ ಬೇರು ಅಲ್ಲಿದೆ. ಗುರುತು ಮರೆಸಲೆಂದು ಕುರಿಗಾಹಿಯನ್ನು ಗೌಂಡಿ ಮಾಡುವಂತೆಯೂ ಇಲ್ಲ. ನಿಯಮ ಇಷ್ಟೇ: ಬೇಡದ ವಿವರ ಬಿಡಬಹುದು, ಇರುವ ವಿವರ ತಿರುಚಬಾರದು.

ಇನ್ನೊಂದು ಜಾಗದಲ್ಲಿ ಒಳ್ಳೆಯವರೂ ಸಿಕ್ಕಿಬೀಳುತ್ತಾರೆ. ಎಂಆರ್‌ಐ ಚಿತ್ರದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ರೋಗಿಯ ಹೆಸರು, ವಯಸ್ಸು, ತಾರೀಖು, ಸೆಂಟರಿನ ಹೆಸರು ಇರುತ್ತದೆ. ಅದನ್ನು ಸ್ಲೈಡಿನಲ್ಲಿ ಹಾಕಿ, ಮೂಲೆಯನ್ನು ಕತ್ತರಿಸಿದ ಹಾಗೆ ಮಾಡಿ ಆ ಕಡತವನ್ನೇ ಕಳಿಸುತ್ತಾರೆ. ಪರದೆಯ ಮೇಲೆ ಮೂಲೆ ಕಾಣುವುದಿಲ್ಲ ನಿಜ. ಆದರೆ ಕತ್ತರಿಸಿದ ಭಾಗ ಕಡತದೊಳಗೆ ಹಾಗೇ ಉಳಿದಿರುತ್ತದೆ, ಬೇಕಾದವರು ಎಳೆದು ನೋಡಬಹುದು. ಮೂಲೆ ತೆಗೆದ ಚಿತ್ರವನ್ನು ಹೊಸ ಕಡತವಾಗಿ ಉಳಿಸಿ, ಅದನ್ನು ಕಳಿಸಬೇಕು. ಮುಖದ ಫೋಟೊದಲ್ಲಿ ಕಣ್ಣಿನ ಮೇಲೆ ಕಪ್ಪು ಪಟ್ಟಿ ಎಳೆಯುವ ಹಳೇ ರೂಢಿಯನ್ನೂ ಜರ್ನಲ್‌ಗಳು ಈಗ ಸಾಲದು ಎನ್ನುತ್ತವೆ.

ಸಹಿಯಾದ ಕಾಗದ ಆಸ್ಪತ್ರೆಯಲ್ಲೇ ಭದ್ರವಾಗಿರಬೇಕು, ಪ್ರತಿ ರೋಗಿಗೂ ಸಿಗಬೇಕು. ಅದರಲ್ಲಿ ಹೆಸರಿರುವುದರಿಂದ ಹಲವು ಜರ್ನಲ್‌ಗಳು ಅದನ್ನು ಕಳಿಸಲೇ ಬೇಡಿ ಎನ್ನುತ್ತವೆ. ಲೇಖನದಲ್ಲಿ 'ರೋಗಿಯಿಂದ ಲಿಖಿತ ಒಪ್ಪಿಗೆ ಪಡೆಯಲಾಗಿದೆ' ಎಂಬ ಸಾಲಿದ್ದರೆ ಸಾಕು. ಸಂಸ್ಥೆಯ ನೈತಿಕ ಸಮಿತಿಯ ಅನುಮತಿ ಬೇಕೋ ಬೇಡವೋ ಎನ್ನುವುದು ಆಯಾ ಸಂಸ್ಥೆ, ಜರ್ನಲ್‌ನ ನಿಯಮದ ಮೇಲಿರುತ್ತದೆ. ಬರೆಯುವ ಮೊದಲೇ ಕೇಳಿಕೊಳ್ಳುವುದು ವಾಸಿ.

## ಕಾಲರೇಖೆ: ಹಬ್ಬಗಳನ್ನು ವಾರಗಳಾಗಿಸುವುದು

ಬರೆಯಲು ಕೂತವರಿಗೆ ನಾನು ಮೊದಲು ಹೇಳುವುದು: ಪೀಠಿಕೆ ಆಮೇಲೆ, ಮೊದಲು ಕಾಲರೇಖೆ ಹಾಕಿ. ಯಾವಾಗ ಏನಾಯಿತು ಎಂಬ ಪಟ್ಟಿ ಅದು. ಸುಲಭ ಅನ್ನಿಸುತ್ತದೆ. ಆದರೆ ಕೇಸ್ ಶೀಟ್ ತೆರೆದರೆ ಅಲ್ಲಿ ಬರೀ 'ಐದು ತಿಂಗಳಿಂದ ಸೊಂಟ ನೋವು' ಎಂದಿರುತ್ತದೆ. ಇನ್ನೊಂದು ಹಾಳೆಯಲ್ಲಿ 'ಮೂರು ತಿಂಗಳಿಂದ'. ಯಾವುದು ಸರಿ?

ರೋಗಿಯನ್ನೇ ಕೇಳಬೇಕು, ಅದೂ ಅವರ ಲೆಕ್ಕದಲ್ಲಿ. ನಮ್ಮ ಜನ ತಾರೀಖು ಹೇಳುವುದಿಲ್ಲ, ಹಬ್ಬ ಹೇಳುತ್ತಾರೆ. 'ಚರಗ ಚೆಲ್ಲೂಮುಂದ ಕುರಿ ಕಂದ ಹಾಕಿದ್ವು. ಗವಿಮಠದ ಜಾತ್ರಿ ಮುಗಿಸಿ ಬಂದು ವಾರದಾಗ ಸೊಂಟ ಹಿಡೀತು. ಉಗಾದಿ ಹೊತ್ತಿಗೆ ದೊಡ್ಡ ಮಷೀನಿನ್ಯಾಗ ಹಾಕಿ ತಗದ್ರು.' ಪಂಚಾಂಗ ತೆಗೆದರೆ ಇದು ಕೇಸ್ ಶೀಟಿಗಿಂತ ಚೊಕ್ಕ. ಚರಗ ಚೆಲ್ಲುವ ಎಳ್ಳಮಾವಾಸ್ಯೆ ಆಗಿ ಎರಡೂವರೆ ವಾರಕ್ಕೆ, ಪುಷ್ಯ ಬಹುಳ ಬಿದಿಗೆಯಂದು ಕೊಪ್ಪಳದ ಗವಿಮಠದ ಜಾತ್ರೆಯ ತೇರು. ಅದಾಗಿ ಒಂದು ವಾರದ ಮೇಲೆ ನೋವು. ಅಂದರೆ ಮಾಸು ಮುಟ್ಟಿದ ದಿನದಿಂದ ನೋವಿನವರೆಗೆ ಸುಮಾರು ನಾಲ್ಕು ವಾರ. ಬ್ರೂಸೆಲ್ಲಾ ಮೈಗೆ ಹೊಕ್ಕ ಮೇಲೆ ಲಕ್ಷಣ ಕಾಣಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು, ಕೆಲವೊಮ್ಮೆ ತಿಂಗಳುಗಳೂ ಹಿಡಿಯುತ್ತವೆ. ಲೆಕ್ಕ ಕೂಡಿತು. 'ಐದು ತಿಂಗಳಿಂದ' ಎಂದಷ್ಟೇ ಬಿಟ್ಟಿದ್ದರೆ ಈ ಕೊಂಡಿ ಕಾಣುತ್ತಲೇ ಇರಲಿಲ್ಲ.

ಅಚ್ಚಿನಲ್ಲಿ ಹಬ್ಬವೂ ಬರುವುದಿಲ್ಲ, ತಾರೀಖೂ ಬರುವುದಿಲ್ಲ. ಎರಡರಿಂದಲೂ ಗುರುತು ಸಿಗುತ್ತದೆ. ನೋವು ಶುರುವಾದ ವಾರವನ್ನು ಸೊನ್ನೆ ಎಂದಿಟ್ಟುಕೊಂಡು ಅಲ್ಲಿಂದ ಎಣಿಸುತ್ತಾರೆ. ಸೊನ್ನೆ ಯಾವುದೆಂದು ಲೇಖನದಲ್ಲಿ ಹೇಳಿರಬೇಕು. ಒಂದು ಕಡೆ ನೋವಿನಿಂದ, ಇನ್ನೊಂದು ಕಡೆ ಆಸ್ಪತ್ರೆಗೆ ಸೇರಿದ ದಿನದಿಂದ ಎಣಿಸಿದರೆ ಓದುವವರು ದಾರಿ ತಪ್ಪುತ್ತಾರೆ.

| ವಾರ | ಏನಾಯಿತು | ಆಗ ವೈದ್ಯರಿಗೆ ಗೊತ್ತಿದ್ದುದು |
|---|---|---|
| ಸೊನ್ನೆಗೆ 4 ವಾರ ಮೊದಲು | ಕುರಿ ಕಂದು ಹಾಕಿದವು, ಮಾಸು ಬರಿಗೈಯಲ್ಲಿ ತೆಗೆದರು | ಗೊತ್ತಿರಲಿಲ್ಲ (21ನೇ ವಾರ ತಿಳಿಯಿತು) |
| 0 | ಸೊಂಟ ನೋವು ಶುರು | ಆಸ್ಪತ್ರೆಗೆ ಬಂದಿರಲಿಲ್ಲ |
| 6 | ಸಂಜೆ ಜ್ವರ, ಬೆವರು | ನೋವಿನ ಮಾತ್ರೆ ಮಾತ್ರ |
| 10 | ಎಂಆರ್‌ಐ | ಮೂಳೆ, ಡಿಸ್ಕಿನ ಸೋಂಕು |
| 11 | ಟಿಬಿ ಔಷಧಿ ಶುರು | ಟಿಬಿ ಇರಬಹುದೆಂಬ ಅಂದಾಜು, ಬಯಾಪ್ಸಿ ಇಲ್ಲ |
| 14 | ಜ್ವರ ಇಳಿಯಿತು | ಟಿಬಿಯೇ ಎಂಬ ನಂಬಿಕೆ ಗಟ್ಟಿ |
| 20 | ನೋವು ಜಾಸ್ತಿ, ಕೋಲು ಹಿಡಿದರು | ಅನುಮಾನ |
| 21 | ಬಯಾಪ್ಸಿ, ಕುರಿಯ ಮಾತು, ರಕ್ತ ಪರೀಕ್ಷೆ | ಟಿಬಿ ಸಿಗಲಿಲ್ಲ, ಪ್ರತಿಕಾಯ 1:640 |
| 22 | ಚಿಕಿತ್ಸೆ ಬದಲು | ಬ್ರೂಸೆಲ್ಲಾ |
| 34 | 12 ವಾರದ ಔಷಧಿ ಮುಗಿಯಿತು | ನೋವಿಲ್ಲ |
| 60 | ಮರುತಪಾಸಣೆ | ಮರುಕಳಿಸಿಲ್ಲ, ಪ್ರತಿಕಾಯ 1:80 |

ಮೂರನೇ ಅಂಕಣ ಎಲ್ಲ ಜರ್ನಲ್‌ಗಳೂ ಕೇಳುವುದಿಲ್ಲ. ಆದರೆ ಕರಡಿನಲ್ಲಾದರೂ ಇರಲಿ. ಯಾಕೆಂದರೆ ಕಾಯಿಲೆಯ ಹೆಸರು ಸಿಕ್ಕ ಮೇಲೆ ಬರೆಯಲು ಕೂತಾಗ ಎಲ್ಲವೂ ಮೊದಲೇ ಸ್ಪಷ್ಟವಿತ್ತು ಅನ್ನಿಸಿಬಿಡುತ್ತದೆ. 'ಕುರಿಗಾಹಿಯೊಬ್ಬರು ಸೊಂಟ ನೋವೆಂದು ಬಂದರು, ಅವರ ಕುರಿಗಳು ಕಂದು ಹಾಕಿದ್ದವು' ಎಂದು ಮೊದಲ ಪ್ಯಾರಾದಲ್ಲೇ ಬರೆದರೆ, ಓದುವವರು 'ಇಷ್ಟು ಗೊತ್ತಿದ್ದೂ ಟಿಬಿ ಎಂದರಾ?' ಎನ್ನುತ್ತಾರೆ. ನಿಜ ಅದಲ್ಲ, ಆ ಪ್ರಶ್ನೆಯನ್ನೇ ಯಾರೂ 21 ವಾರ ಕೇಳಿರಲಿಲ್ಲ. ಆದದ್ದು ಒಂದು ಹೊತ್ತು, ಗೊತ್ತಾದದ್ದು ಇನ್ನೊಂದು ಹೊತ್ತು. ಕಾಲರೇಖೆ ಎರಡನ್ನೂ ತೋರಿಸಬೇಕು, ತಡವಾದುದನ್ನು ಮುಚ್ಚಬಾರದು.

## ಚರ್ಚೆ: ಇದರಲ್ಲಿ ಅಪರೂಪದ್ದು ಯಾವುದು?

ಹೊಸಬರ ಚರ್ಚೆ ಭಾಗ ಸಾಮಾನ್ಯವಾಗಿ ಪಠ್ಯಪುಸ್ತಕದ ಬ್ರೂಸೆಲ್ಲಾ ಪಾಠವಾಗಿರುತ್ತದೆ. ಯಾರು ಕಂಡುಹಿಡಿದರು, ಎಷ್ಟು ಬಗೆ, ಯಾವ ದೇಶದಲ್ಲಿ ಜಾಸ್ತಿ. ಕೊನೆಗೆ 'ಇದು ಅತ್ಯಂತ ಅಪರೂಪದ ಪ್ರಕರಣ'. ಜರ್ನಲ್‌ನ ಪರಿಶೀಲಕರು ಪೆನ್ನು ಎತ್ತುವುದು ಅಲ್ಲೇ.

ಬ್ರೂಸೆಲ್ಲಾ ಬೆನ್ನುಮೂಳೆಗೆ ಇಳಿಯುವುದು ಅಪರೂಪವಲ್ಲ. ಮೂಳೆ, ಕೀಲು ಹಿಡಿಯುವುದೇ ಅದರ ಮಾಮೂಲಿ ತೊಡಕು, ಬೆನ್ನುಮೂಳೆಯಲ್ಲಂತೂ ಸೊಂಟದ ಭಾಗವೇ ಅದಕ್ಕೆ ಇಷ್ಟ. ಅದನ್ನು ಟಿಬಿ ಎಂದು ತಿಳಿದ ಕೇಸುಗಳೂ ಹಿಂದೆ ಅಚ್ಚಾಗಿವೆ. ಹಾಗಾದರೆ ನಮ್ಮ ಕೇಸಿನಲ್ಲಿ ಹೇಳುವಂಥದ್ದು ಏನಿದೆ?

ಕಾಲರೇಖೆಯ 14ನೇ ವಾರ ನೋಡಿ. ಟಿಬಿ ಔಷಧಿ ಕೊಟ್ಟ ಮೇಲೆ ಜ್ವರ ಇಳಿಯಿತು. ಟಿಬಿ ಅಲ್ಲದಿದ್ದರೆ ಟಿಬಿ ಔಷಧಿಗೆ ಯಾಕೆ ಇಳಿಯಬೇಕು? ಉತ್ತರ ಔಷಧಿಯಲ್ಲೇ ಇದೆ. ಟಿಬಿಗೆಂದು ಕೊಡುವ ನಾಲ್ಕು ಔಷಧಿಗಳಲ್ಲಿ ಒಂದು ರಿಫಾಂಪಿಸಿನ್. ಅದು ಬ್ರೂಸೆಲ್ಲಾ ಚಿಕಿತ್ಸೆಯಲ್ಲೂ ಬಳಸುವ ಔಷಧಿ. ಆದರೆ ಅದೊಂದೇ ಸಾಲದು, ಜೊತೆ ಬೇಕು. ಉಳಿದ ಮೂರು ಟಿಬಿ ಔಷಧಿಗಳು ಬ್ರೂಸೆಲ್ಲಾ ಲೆಕ್ಕದಲ್ಲಿ ಜೊತೆಗಾರರಲ್ಲ. ಒಂದೇ ಎತ್ತು ಕಟ್ಟಿ ಗಳೆ ಹೊಡೆದ ಹಾಗೆ: ಎರಡು ಸಾಲು ಸಾಗಿತು, ಆಮೇಲೆ ನಿಂತಿತು. ರೋಗ ಟಿಬಿಯಂತೆ ಕಂಡಿದ್ದಷ್ಟೇ ಅಲ್ಲ, ಕೆಲವು ವಾರ ಟಿಬಿಯಂತೆ ವಾಸಿಯೂ ಆಯಿತು. ಈ ಅರ್ಧ ಗುಣವೇ ಸರಿಯಾದ ರೋಗದಿಂದ ಕಣ್ಣು ತಪ್ಪಿಸಿತು. ಅಪರೂಪ ಎನ್ನುವುದಿದ್ದರೆ ಅದು ಇಲ್ಲಿದೆ. ಚರ್ಚೆ ಪೂರ್ತಿ ಇದರ ಸುತ್ತ ಇದ್ದರೆ ಸಾಕು.

ಆದರೆ ಪರಿಶೀಲಕರು ಸುಲಭಕ್ಕೆ ಬಿಡುವುದಿಲ್ಲ. ಮೂರು ಪ್ರಶ್ನೆ ಬಂದೇ ಬರುತ್ತವೆ. ಅವು ಬರುವ ಮೊದಲೇ ಲೇಖನದಲ್ಲಿ ಉತ್ತರವಿರಬೇಕು.

ಮೊದಲನೆಯದು: ಕಲ್ಚರ್‌ನಲ್ಲಿ ಬೆಳೆದಿಲ್ಲ, ಹಾಗಾದರೆ ಬ್ರೂಸೆಲ್ಲಾ ಎಂದು ಹೇಗೆ ಹೇಳುತ್ತೀರಿ? ರಕ್ತ ತೆಗೆಯುವಷ್ಟರಲ್ಲಿ ಹತ್ತು ವಾರ ರಿಫಾಂಪಿಸಿನ್ ಹೋಗಿತ್ತು, ಹಾಗಾಗಿ ಬೆಳೆಯದಿರುವುದು ಆಶ್ಚರ್ಯವಲ್ಲ. ಆದರೆ ಆಶ್ಚರ್ಯವಲ್ಲ ಎಂದ ಮಾತ್ರಕ್ಕೆ ಪುರಾವೆ ಸಿಕ್ಕಂತೆ ಆಗುವುದಿಲ್ಲ. 'ಕ್ರಿಮಿಯನ್ನು ನಾವು ಬೆಳೆಸಿ ತೋರಿಸಿಲ್ಲ' ಎಂದು ನೇರವಾಗಿ ಬರೆಯಬೇಕು.

ಎರಡನೆಯದು: ದಿನಾ ಕುರಿ ಜೊತೆ ಇರುವವರ ರಕ್ತದಲ್ಲಿ ಪ್ರತಿಕಾಯ ಇರುವುದೇನು ದೊಡ್ಡದು? ಹೌದು, ಹಳೆಯ ಸೋಂಕಿನಿಂದಲೂ ಇರಬಹುದು. ಇಲ್ಲಿ ಬಲ ಬರುವುದು ಒಂದೇ ಸಂಖ್ಯೆಯಿಂದಲ್ಲ, ಎರಡು ಸಂಖ್ಯೆಗಳಿಂದ. 21ನೇ ವಾರ 1:640 ಇದ್ದದ್ದು 60ನೇ ವಾರ 1:80ಕ್ಕೆ ಇಳಿದಿದೆ. ಚಿಕಿತ್ಸೆಯ ನಂತರ ಇಷ್ಟು ಇಳಿದರೆ ಅದು ಆಗ ನಡೆಯುತ್ತಿದ್ದ ಸೋಂಕು ಎನ್ನಲು ಆಧಾರ ಸಿಗುತ್ತದೆ. ಎಷ್ಟೋ ಕೇಸುಗಳಲ್ಲಿ ಈ ಎರಡನೇ ಪರೀಕ್ಷೆಯೇ ಇರುವುದಿಲ್ಲ. ನೋವು ಹೋದ ಮೇಲೆ ರೋಗಿ ಕುರಿ ಹೊಡೆದುಕೊಂಡು ಗುಳೆ ಹೋಗಿರುತ್ತಾರೆ, ಫೋನ್ ಸಿಗುವುದಿಲ್ಲ. ಒಪ್ಪಿಗೆ ಕೇಳಲು ಕರೆದಾಗಲೇ ಮರುಪರೀಕ್ಷೆಯನ್ನೂ ಮಾಡಿಸಿದರೆ ಎರಡೂ ಕೆಲಸ ಮುಗಿಯುತ್ತವೆ.

ಮೂರನೆಯದು ಎಲ್ಲಕ್ಕಿಂತ ಚುರುಕು: 22ನೇ ವಾರದ ಮೇಲೂ ರಿಫಾಂಪಿಸಿನ್ ಕೊಟ್ಟಿದ್ದೀರಿ, ಇದು ನಿಧಾನಕ್ಕೆ ವಾಸಿಯಾದ ಟಿಬಿ ಯಾಕಾಗಿರಬಾರದು? ಇದಕ್ಕೆ ಉತ್ತರ ಔಷಧಿ ನಿಲ್ಲಿಸಿದ ಮೇಲಿನ ದಿನಗಳಲ್ಲಿದೆ. ಬೆನ್ನುಮೂಳೆಯ ಟಿಬಿಗೆ ನಮ್ಮಲ್ಲಿ ಸಾಮಾನ್ಯವಾಗಿ ಒಂದು ವರ್ಷದಷ್ಟು ಚಿಕಿತ್ಸೆ ಬೇಕು. ಇವರು ಪೂರ್ತಿ ಟಿಬಿ ಔಷಧಿ ತೆಗೆದುಕೊಂಡದ್ದು ಹನ್ನೊಂದು ವಾರ ಮಾತ್ರ. ಎಲ್ಲ ಔಷಧಿ ನಿಲ್ಲಿಸಿ ಆರು ತಿಂಗಳಾದರೂ ರೋಗ ಮರುಕಳಿಸಿಲ್ಲ. ಟಿಬಿ ಆಗಿದ್ದರೆ ಹೀಗಾಗುವ ಸಂಭವ ಕಡಿಮೆ. 'ಸಂಭವ ಕಡಿಮೆ' ಎಂದೇ ಬರೆಯಬೇಕು, 'ಸಾಧ್ಯವೇ ಇಲ್ಲ' ಎಂದು ಬರೆಯಬಾರದು. ಟಿಬಿ ಔಷಧಿ ಶುರು ಮಾಡುವ ಮೊದಲೇ ಬಯಾಪ್ಸಿ ಆಗಿದ್ದರೆ ಈ ಪ್ರಶ್ನೆಗೆ ಇನ್ನೂ ಗಟ್ಟಿ ಉತ್ತರ ಸಿಗುತ್ತಿತ್ತು. ಆಗಿರಲಿಲ್ಲ. ಅದನ್ನೂ ಮಿತಿ ಎಂದು ಬರೆಯಬೇಕು.

ಇಷ್ಟಾದ ಮೇಲೆ ಒಬ್ಬ ರೋಗಿಯಿಂದ ಎಷ್ಟು ಹೇಳಬಹುದು? 'ಕುರಿ ಸಾಕುವವರಲ್ಲಿ ಬೆನ್ನುಮೂಳೆಯ ಸೋಂಕು ಕಂಡು, ಟಿಬಿ ಔಷಧಿಗೆ ಅರ್ಧ ಗುಣವಾಗಿ ನಿಂತರೆ, ಬ್ರೂಸೆಲ್ಲಾ ನೋಡಿ' ಎನ್ನಬಹುದು. 'ನಮ್ಮ ಜಿಲ್ಲೆಯಲ್ಲಿ ಬ್ರೂಸೆಲ್ಲಾ ಜಾಸ್ತಿಯಾಗಿದೆ' ಎನ್ನುವಂತಿಲ್ಲ. ಒಂದು ಕಾಳು ಹಿಡಿದು ರಾಶಿಯ ತೂಕ ಹೇಳಲು ಬರುವುದಿಲ್ಲ. 'ಮೂರು ಔಷಧಿಯ ಈ ಜೋಡಣೆಯೇ ಉತ್ತಮ' ಎನ್ನುವಂತೆಯೂ ಇಲ್ಲ, ಹೋಲಿಸಲು ಇನ್ನೊಬ್ಬ ರೋಗಿಯೇ ಇಲ್ಲವಲ್ಲ. 'ಭಾರತದಲ್ಲೇ ಮೊದಲನೆಯದು' ಎಂಬ ಆಸೆ ಇದ್ದರೆ ಅದನ್ನೂ ಬಿಡಬೇಕು. ಹೆಚ್ಚೆಂದರೆ ಎಲ್ಲಿ, ಯಾವ ಪದ ಹಾಕಿ, ಯಾವ ತಿಂಗಳವರೆಗೆ ಹುಡುಕಿದಿರಿ ಎಂದು ಹೇಳಿ, ಇಂಥದ್ದು ಸಿಗಲಿಲ್ಲ ಎನ್ನಬಹುದು.

## ರೋಗಿಯ ಮಾತಿಗೂ ಒಂದು ಜಾಗ

ಕೇರ್ ಪಟ್ಟಿಯಲ್ಲಿ ರೋಗಿಯ ಸ್ವಂತ ಮಾತಿಗೆ ಜಾಗವಿದೆ. ಬಹಳಷ್ಟು ಜನ ಅದನ್ನು ಖಾಲಿ ಬಿಡುತ್ತಾರೆ, ಇಲ್ಲವೇ 'ರೋಗಿ ಚಿಕಿತ್ಸೆಯಿಂದ ತೃಪ್ತರಾಗಿದ್ದಾರೆ' ಎಂದು ತಾವೇ ಬರೆದು ಮುಗಿಸುತ್ತಾರೆ. ಕೇಳಿ ಬರೆದುಕೊಂಡರೆ ಅಲ್ಲಿ ವೈದ್ಯರ ಪಟ್ಟಿಯಲ್ಲಿಲ್ಲದ್ದು ಸಿಗುತ್ತದೆ. ನಮ್ಮ ಕುರಿಗಾಹಿ ಹೇಳುವುದು ಹೀಗಿರಬಹುದು: 'ಗುಳಿಗಿ ತಗೊಂಡಮ್ಯಾಲೆ ಜ್ವರ ಬಿಡ್ತು, ಸೊಂಟ ಬಿಡಲಿಲ್ಲ. ಡಾಕ್ಟರು ಹೋದಸಲ ಆರಾಮ ಅಂತ ಬರದಿದ್ರು, ಅದಕ್ಕ ನಾನೂ ಆರಾಮ ಅಂದೆ.'

14ನೇ ವಾರದ ಸಾಲಿನ ಪಕ್ಕದಲ್ಲಿ ಈ ಮಾತನ್ನಿಟ್ಟು ಇನ್ನೊಮ್ಮೆ ಓದಿದರೆ, ಜ್ವರದ ಜೊತೆ ಸೊಂಟದ ಬಗ್ಗೆಯೂ ಅಂದೇ ಬಿಡಿಸಿ ಕೇಳಬೇಕಿತ್ತು ಎಂಬುದು ಬರೆಯುವ ವೈದ್ಯರಿಗೇ ಕಾಣುತ್ತದೆ. ಆಗ ಕಾಲರೇಖೆಯ ಆ ಸಾಲನ್ನು ತಿದ್ದಬೇಕು: 'ಜ್ವರ ಇಳಿಯಿತು, ನೋವು ಹಾಗೇ ಇತ್ತು.'